ಮೀಸಲು ಹಾಲು ಕುಡಿದ ಕರು

ನನ್ನ ಅತ್ತೆಗೆ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಕಾನೂನು: ಕಸ ಬೀಳುವ ತನಕ ಕರು ಕೆಚ್ಚಲು ಮುಟ್ಟಕೂಡದು. ಹಸು ಈದ ಮೇಲೆ ಬೀಳುವ ಮಾಸನ್ನು ಅವರು ಕಸ ಎನ್ನುತ್ತಿದ್ದರು. ಒಂದೊಂದು ಹಸುವಿಗೆ ಅದು ಬೇಗ ಬೀಳುತ್ತದೆ, ಒಂದೊಂದಕ್ಕೆ ಅರ್ಧ ದಿನ ಹಿಡಿಯುತ್ತದೆ. ಅಷ್ಟು ಹೊತ್ತೂ ಕರು ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಚಪ್ಪರಿಸುತ್ತಾ ಬಿದ್ದಿರಬೇಕು. ಮೊದಲೇ ಹಾಲು ಎಳೆದರೆ ಕಸ ಹೊಟ್ಟೆಯೊಳಗೆ ಮೇಲಕ್ಕೇರಿ ಕೂತುಬಿಡುತ್ತದೆ ಎಂದು ಅತ್ತೆಯ ಅತ್ತೆ ಹೇಳಿದ್ದರಂತೆ. ಹೇಳಿದವರು ಸತ್ತು ಎಷ್ಟೋ ಕಾಲವಾಗಿತ್ತು, ಕಾನೂನು ಮಾತ್ರ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು.

ನಾನು ಸಿರಾ ಪೇಟೆಯ ಹುಡುಗಿ. ನನ್ನ ತವರಿನಲ್ಲಿ ಹಸುವೆಂದರೆ ಬೆಳಿಗ್ಗೆ ಹಾಲಿನವಳು ಹಿಡಿದುಕೊಂಡು ಬರುತ್ತಿದ್ದ ಕ್ಯಾನು, ಅಷ್ಟೇ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಪುರವರದ ಪಕ್ಕದ ಈ ಹಳ್ಳಿಗೆ ಬಂದಾಗ ಸಗಣಿ ಬಾಚುವುದಕ್ಕೂ ಬರುತ್ತಿರಲಿಲ್ಲ. ಜೊತೆಗೆ ನನಗೆ ಮೂಗಿನ ತುದಿಯಲ್ಲೇ ಕೋಪ. ಅತ್ತೆಗೂ ಅಷ್ಟೇ. ಯಜಮಾನರು ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮಿಬ್ಬರ ಮಾತು ಏರುತ್ತಿದ್ದ ಹಾಗೆ ಸೈಕಲ್ಲು ಹತ್ತಿ ಶಾಲೆಗೆ ಹೊರಟುಬಿಡುತ್ತಿದ್ದರು. ಭಾನುವಾರವೂ ಹಾಗೇ ಹೊರಟದ್ದುಂಟು.

ನಮ್ಮ ಕೊಟ್ಟಿಗೆಯಲ್ಲಿ ಮೂರು ನಾಟಿ ಹಸುಗಳಿದ್ದವು. ಒಂದು ವರ್ಷ ಅದರಲ್ಲೊಂದು ಸಂಜೆ ಈಯಿತು. ಕಸ ಬಿದ್ದದ್ದು ಮಾರನೆ ಬೆಳಿಗ್ಗೆ. ಅಷ್ಟರಲ್ಲಿ ಕರುವಿನ ಕಿವಿ ತಣ್ಣಗಾಗಿತ್ತು. ಆಮೇಲೆ ಹಾಲು ಕುಡಿಯಿತು, ಎದ್ದು ನಿಂತಿತು, ಎಲ್ಲ ಸರಿಹೋಯಿತೆಂದುಕೊಂಡೆವು. ಮೂರನೆಯ ದಿನ ಬಿಳಿ ಭೇದಿ ಹತ್ತಿತು, ಐದನೆಯ ದಿನ ಸತ್ತಿತು. ಅತ್ತೆ, "ಋಣ ಇರ್ಲಿಲ್ಲ ಬುಡು," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಋಣ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಆದರೆ ಅದಕ್ಕೆ ಹಸಿವಂತೂ ಇತ್ತು ಎಂದು ಅತ್ತೆಯ ಮುಖಕ್ಕೇ ಹೇಳಿದೆ. ಆವತ್ತಿನಿಂದ ಎಂಟು ದಿನ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಅದಾದ ಮೇಲೆ ಊರಿಗೆ ಹಾಲಿನ ಸಂಘ ಬಂತು. ಸಂಘದ ಹಿಂದೆಯೇ ಜರ್ಸಿ ಮಿಶ್ರತಳಿಯ ಕಡಸುಗಳೂ ಬಂದವು. ನಮ್ಮ ಮನೆಗೂ ಇನ್ನೂ ಕರು ಹಾಕದ ಒಂದು ಕಂದು ಬಣ್ಣದ ಕಡಸು ಬಂತು. ಸಂಘದ ಕಟ್ಟೆಯ ಮೇಲೆ ಒಂದು ದಿನ ಪಶು ಆಸ್ಪತ್ರೆಯ ಡಾಕ್ಟರು ಹೆಂಗಸರನ್ನೆಲ್ಲ ಕೂರಿಸಿ ಪಾಠ ಮಾಡಿದರು. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಅದು ಇರುವುದೆಲ್ಲ ತಾಯಿಯ ಗಿಣ್ಣುಹಾಲಿನಲ್ಲಿ. ಹುಟ್ಟಿದ ಒಂದೆರಡು ಗಂಟೆಯೊಳಗೆ ಅದು ಹೊಟ್ಟೆಗೆ ಬಿದ್ದರೆ ರಕ್ತಕ್ಕೆ ಸೇರುತ್ತದೆ. ಹೊತ್ತು ಕಳೆದಂತೆ ಕರುಳು ಬಾಗಿಲು ಹಾಕುತ್ತಾ ಬರುತ್ತದೆ, ಒಂದು ದಿನ ದಾಟಿದ ಮೇಲೆ ಎಷ್ಟು ಕುಡಿಸಿದರೂ ಅದು ಬರೀ ಆಹಾರವೇ ಹೊರತು ಕಾವಲಲ್ಲ ಎಂದರು. ನಾನು ಕೂತಲ್ಲೇ ಅತ್ತೆಯ ಕಡೆ ತಿರುಗಿ ನೋಡಿದೆ. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಆಕಾಶ ನೋಡುತ್ತಿದ್ದರು.

ಕಡಸು ಗಬ್ಬವಾಗಿ ತಿಂಗಳು ತುಂಬಿತು. ಒಂದು ಮಾರ್ಗಶಿರದ ಬೆಳಿಗ್ಗೆ, ಹೊತ್ತು ಹುಟ್ಟುವಾಗ ಈಯಿತು. ಹೆಣ್ಣುಕರು! ಆದರೆ ಹೆರಿಗೆ ಎಳೆದಾಡಿತ್ತು. ಚೊಚ್ಚಲು, ಕರುವೂ ದೊಡ್ಡದು. ನೆಲಕ್ಕೆ ಬಿದ್ದ ಕರು ಉಸಿರೇ ಎಳೆಯಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ಕೂತವರೇ ಅದರ ಬಾಯಿಗೆ ಬೆರಳು ಹಾಕಿ ಲೋಳೆ ಬಳಿದು ತೆಗೆದರು, ಮೂಗಿನ ಹೊಳ್ಳೆಗೆ ರಾಗಿಹುಲ್ಲಿನ ಕಡ್ಡಿ ಆಡಿಸಿದರು. ಕರು ಸೀನಿತು. "ಹಾಂ, ಬಂತು ಜೀವ," ಎಂದು ಹುಲ್ಲಿನ ಹಿಡಿಯಿಂದ ಅದರ ಎದೆ, ಬೆನ್ನು, ಪಕ್ಕೆ ಎಲ್ಲ ತಿಕ್ಕತೊಡಗಿದರು. ನಾನು ಡಾಕ್ಟರು ಹೇಳಿಕೊಟ್ಟಂತೆ ಹೊಕ್ಕುಳ ಬಳ್ಳಿಗೆ ಮೂರು ಬೆರಳು ಬಿಟ್ಟು ಬಿಸಿನೀರಲ್ಲಿ ಕುದಿಸಿದ ದಾರ ಕಟ್ಟಿ, ಆಚೆಯ ಭಾಗ ಕತ್ತರಿಸಿ, ತುದಿಯನ್ನು ಅಯೋಡಿನ್ ಔಷಧದಲ್ಲಿ ಅದ್ದಿದೆ. ಕೆಲಸದಲ್ಲಿ ಅತ್ತೆಯ ಕೈ ನೋಡಬೇಕಿತ್ತು, ಒಂದು ಚೂರು ಅವಸರವಿಲ್ಲ, ಒಂದು ಚೂರು ತಡವೂ ಇಲ್ಲ. ಬಾಯಿ ಎಷ್ಟೇ ಕೆಟ್ಟದಿರಲಿ, ಆ ಕೈಗೆ ನಾನು ಆಗಲೂ ಸೋತಿದ್ದೆ.

ಕರು ಏಳಲಿಲ್ಲ. ತಲೆ ಎತ್ತುವುದು, ಬೀಳುವುದು. ತಾಯಿಯೋ, ಕೆಚ್ಚಲು ಊದಿ ಕಲ್ಲಾಗಿತ್ತು, ನೋವಿಗೆ ಯಾರನ್ನೂ ಹತ್ತಿರ ಬಿಡದೆ ಒದೆಯುತ್ತಿತ್ತು. ಕರುವಿನ ಕಡೆ ತಿರುಗಿಯೂ ನೋಡಲಿಲ್ಲ.

"ಅತ್ತೆ, ಈಗ ಹಾಲು ಕರೀಬೇಕು," ಎಂದೆ.

"ಕಸ ಬೀಳ್ಳಿ ತಡಿ."

"ಹೋದ ಸಲಾನೂ ಹಿಂಗೇ ತಡೆದಿರಿ. ಆ ಕರು ಎಲ್ಲಿದೆ ತೋರ್ಸಿ?"

ಅದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಅತ್ತೆ ಹುಲ್ಲಿನ ಹಿಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದರು. "ತತ್ತಾ ಚೊಂಬು. ಕರಾ ಹೋದ್ರೂ ನನ್ ತಲೆ ಮ್ಯಾಲೆ, ಹಸ ಹೋದ್ರೂ ನನ್ ತಲೆ ಮ್ಯಾಲೆ. ನಿನ್ಗೇನು, ಪ್ಯಾಟೆಯೋಳು," ಎಂದರು.

ಆ ಒದೆಯುವ ಹಸುವನ್ನು ಕರೆಯುವುದು ಊರಿನಲ್ಲಿ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಅತ್ತೆ ಬಿಸಿನೀರಿನ ಬಟ್ಟೆಯಿಂದ ಕೆಚ್ಚಲಿಗೆ ಕಾವು ಕೊಟ್ಟರು, ಹಣೆಯನ್ನು ಹಸುವಿನ ಪಕ್ಕೆಗೆ ಒತ್ತಿ ಏನೋ ಗೊಣಗುತ್ತಾ ಎರಡು ಮೊಲೆಗಳಿಂದ ಮುಕ್ಕಾಲು ಚೊಂಬು ತೆಗೆದರು. ಅರಿಶಿನದ ಬಣ್ಣ, ಜೇನಿನಷ್ಟು ಮಂದ. ಅಷ್ಟರಲ್ಲಿ ಹಸು ಬೆದರಿ ಒಂದು ಒದೆ ಬಿಟ್ಟಿತು, ಅತ್ತೆಯ ಮೊಣಕೈಗೆ ಬಿತ್ತು. ಅಲ್ಲಿಂದಾಚೆಗೆ ಹಾಲನ್ನು ಮೇಲಕ್ಕೆ ಎಳೆದುಕೊಂಡು ನಿಂತುಬಿಟ್ಟಿತು. ಎಷ್ಟು ಹಿಂಡಿದರೂ ಒಂದು ಹನಿ ಇಳಿಸಲಿಲ್ಲ. "ಇಷ್ಟೇಯ ಈಗ. ಜ್ವಾಪಾನ," ಎಂದು ಚೊಂಬನ್ನು ನನ್ನ ಕೈಗೆ ಕೊಟ್ಟರು.

ಕರುವನ್ನು ಒದ್ದೆ ನೆಲದಿಂದ ಎತ್ತಿ ಒಣಹುಲ್ಲಿಗೆ ಸಾಗಿಸಿ ಗೋಣಿತಾಟು ಹೊದಿಸುವ ಹೊತ್ತಿಗೆ ಆ ಚಳಿಯಲ್ಲಿ ಹಾಲು ತಣ್ಣಗಾಗಿತ್ತು. ಮೈಬಿಸಿಯಷ್ಟು ಬೆಚ್ಚಗಿರಬೇಕು ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಒಳಗೆ ಓಡಿ ಚೊಂಬನ್ನು ಒಲೆಯ ಕೆಂಡದ ಮೇಲೆ ಇಟ್ಟೆ. ಎರಡು ನಿಮಿಷ, ಅಷ್ಟೇ ಎಂದುಕೊಂಡು ಇನ್ನೊಂದು ಗೋಣಿತಾಟು ಹುಡುಕಲು ಅಟ್ಟ ಹತ್ತಿದೆ.

ಇಳಿಯುವಾಗಲೇ ಮೂಗಿಗೆ ಬಡಿಯಿತು. ಗಿಣ್ಣಿನ ವಾಸನೆ. ಹುಟ್ಟಿದಾಗಿನಿಂದ ಆ ವಾಸನೆ ಬಂದರೆ ತಟ್ಟೆ ಹಿಡಿದುಕೊಂಡು ಓಡಿದವಳು ನಾನು. ಆವತ್ತು ಮಾತ್ರ ಗೋಣಿತಾಟನ್ನು ಅಲ್ಲೇ ಬಿಸಾಕಿ ಬರಿಗೈಯಲ್ಲಿ ಒಲೆಯತ್ತ ಓಡಿದೆ. ಚೊಂಬಿನೊಳಗೆ ಇಣುಕಿದರೆ ಹಾಲಿಲ್ಲ, ಗಟ್ಟಿ ಕಟ್ಟಿದ ಹಳದಿ ಗಿಣ್ಣು! ತವರಿನಲ್ಲಿ ಗಿಣ್ಣು ಬೆಂದು ಬಟ್ಟಲಲ್ಲೇ ಮನೆಗೆ ಬರುತ್ತಿತ್ತು. ಇಲ್ಲಿ ಮಾಡುವುದನ್ನು ಕಣ್ಣಾರೆ ಕಂಡಿದ್ದೆ, ಬಿಸಿ ತಗುಲಿದರೆ ಈ ಹಾಲು ಕಟ್ಟಿಕೊಳ್ಳುತ್ತದೆ ಎಂದು ಗೊತ್ತೂ ಇತ್ತು. ಗೊತ್ತಿದ್ದದ್ದು ಆ ಅವಸರದಲ್ಲಿ ಕೈಗೆ ಬರಲಿಲ್ಲ. ಅಯ್ಯೋ, ಎಂಥ ಕೈ ನನ್ನದು!

ಅತ್ತೆ ಬಾಗಿಲಲ್ಲಿ ನಿಂತು ಚೊಂಬು ನೋಡಿದರು, ನನ್ನ ಮುಖ ನೋಡಿದರು. ಬಯ್ಯುತ್ತಾರೆ ಎಂದು ಕಾದೆ. ಬಯ್ದಿದ್ದರೆ ಚೆನ್ನಾಗಿತ್ತು.

"ವಸಿ ಬೆಲ್ಲ ಏಲಕ್ಕಿ ಹಾಕ್ಬುಡು. ನಾವಾದ್ರೂ ತಿನ್ನಾನ," ಎಂದರು.

ನಾನು ಒಲೆಯ ಮುಂದೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆಯ ಕಾನೂನಿಗೆ ಬಲಿಯಾದ ಕರುವಿಗಾಗಿ ಎಂಟು ದಿನ ಮುನಿಸಿಕೊಂಡಿದ್ದವಳು, ಈ ಕರುವಿನ ಬಾಯಿಯ ಹಾಲನ್ನು ನಾನೇ ಬೇಯಿಸಿ ಇಟ್ಟಿದ್ದೆ. ಹಸು ಮತ್ತೆ ಯಾವಾಗ ಹಾಲು ಇಳಿಸುತ್ತದೋ ಗೊತ್ತಿರಲಿಲ್ಲ. ಕರು ಹುಟ್ಟಿ ಆಗಲೇ ಒಂದು ಗಂಟೆ ದಾಟಿತ್ತು.

"ಅತ್ಕಂಡು ಕೂತ್ರೆ ಹಾಲು ಬತ್ತದಾ? ಏಳು," ಎಂದರು ಅತ್ತೆ. "ಗೊಲ್ಲರ ಹಟ್ಟಿ ಅಜ್ಜಿ ಮನೇಲಿ ಇವತ್ತು ನಸುಕಿನಾಗೆ ಹಸ ಈದೈತಂತೆ. ಹಾಲಿನ ಕ್ಯಾನು ಹೊರೋನು ಹೇಳ್ತಿದ್ದ."

"ನಾನು ಹೋಗಿ ಇಸ್ಕೊಂಡು ಬರ್ತೀನಿ."

"ಕೊಡಾಕಿಲ್ಲ ಕಣೆ. ಅವ್ರ ಪೈಕಿ ಅದು ಮೀಸಲು. ಈದ ಹಸದ ಹಾಲು ಅವ್ರ ದೇವ್ರಿಗೆ ಎಡೆ ಆಗೋಗಂಟ ಹೊಸ್ಲು ದಾಟಾಂಗಿಲ್ಲ. ಕರ ಕುಡುದ್ರೆ ಕುಡೀತು, ಮಿಕ್ಕಿದ್ದೆಲ್ಲ ದೇವ್ರದು." ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡಿ, ನಾನೂ ಬತ್ತೀನಿ," ಎಂದರು.

ನನಗೆ ನಂಬಲಾಗಲಿಲ್ಲ. ನಮ್ಮದು ಶಿವಪೂಜೆಯ ಮನೆ. ಪೂಜೆಯಾಗದೆ ಅತ್ತೆ ಹನಿ ನೀರು ಬಾಯಿಗೆ ಬಿಟ್ಟವರಲ್ಲ, ಒಬ್ಬರ ಮನೆಗೆ ಹೋಗಿ ಹೆಪ್ಪಿಗೆ ಮಜ್ಜಿಗೆ ಕೂಡ ಕೇಳಿದವರಲ್ಲ. ಆವತ್ತು ಪೂಜೆಯೂ ಇಲ್ಲ, ಸ್ನಾನವೂ ಇಲ್ಲ, ಮೈಯೆಲ್ಲ ಹೆರಿಗೆಯ ಲೋಳೆ. ಕೈಕಾಲು ತೊಳೆದು ಸೀರೆ ಬದಲಾಯಿಸಿ ಒಂದು ತೊಳೆದ ತಂಬಿಗೆ ಹಿಡಿದು ಹೊರಟರು. ಕರುವನ್ನು ಯಜಮಾನರ ವಶಕ್ಕೆ ಬಿಟ್ಟೆವು. ಆವತ್ತು ಅವರು ಶಾಲೆಯ ಮಾತೇ ಎತ್ತದೆ ಕರುವನ್ನು ತಿಕ್ಕುತ್ತಾ ಕೂತರು, ಪಾಪ.

ಹಟ್ಟಿ ಊರಿನಿಂದ ಅರ್ಧ ಮೈಲಿ. ಮುಳ್ಳುಬೇಲಿಯ ಹೊರಗೆ ಚಪ್ಪಲಿ ಬಿಟ್ಟು ನಿಂತು ಅತ್ತೆ ಕೂಗಿದರು. ಅಜ್ಜಿ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದಳು. ಕುರಿ ಮೇಕೆಗಳ ನಡುವೆಯೇ ಬದುಕು ಕಳೆದವಳು, ಬೆನ್ನು ಸ್ವಲ್ಪ ಬಾಗಿತ್ತು, ಕಣ್ಣು ಮಾತ್ರ ಭಾರಿ ಚುರುಕು.

"ಏನ್ ಅಮ್ಮಾರೆ, ಇಷ್ಟೊತ್ನಾಗೆ ಹಟ್ಟಿ ಕಡೆ?"

"ಕೇಳಬಾರ್ದುದ್ದ ಕೇಳಾಕೆ ಬಂದಿವ್ನಿ ಕಣಕ್ಕ," ಎಂದರು ಅತ್ತೆ. ಕರು, ಒದೆಯುವ ಹಸು, ಕಲ್ಲಾದ ಕೆಚ್ಚಲು ಎಲ್ಲವನ್ನೂ ಹೇಳಿದರು. ಹಾಲು ಕೆಟ್ಟದ್ದು ಹೇಗೆ ಎಂಬಲ್ಲಿಗೆ ಬಂದಾಗ ನಾನು ತಲೆ ತಗ್ಗಿಸಿದೆ. ಅತ್ತೆ, "ನಮ್ ಕೈನಾಗೆ ಕೆಟ್ಟೋತು," ಎಂದರು. ನಮ್ಮ ಕೈ ಎಂದರು. ಸೊಸೆಯ ಕೈ ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಕೈ ಮುಗಿಯುತ್ತೇನೆ.

ಅಜ್ಜಿ ಮೀಸಲಿನ ಮಾತೇ ಎತ್ತಲಿಲ್ಲ. "ಹುಟ್ಟಿ ಎಷ್ಟೊತ್ತಾತು?" ಎಂದಳು.

"ಹೊತ್ತು ಹುಟ್ಟೋ ವ್ಯಾಳ್ಯಾಗೆ."

"ಎದ್ದೈತಾ?"

"ಇಲ್ಲ."

"ಬಾಯಿಗೆ ಬೆಳ್ಳು ಕೊಟ್ರೆ ಚೀಪ್ತದಾ?"

"ಸುಮ್ನೆ ಕಚ್ಚಂಗೆ ಮಾಡ್ತದೆ, ಚೀಪಾಕಿಲ್ಲ."

ಅಜ್ಜಿ ನೆಲ ನೋಡುತ್ತಾ ನಿಂತಳು. ಹಿಂದಿನಿಂದ ಅವಳ ದೊಡ್ಡ ಮಗ, ಮೀಸೆ ನರೆತವನು, "ಯವ್ವಾ, ಬ್ಯಾಡ. ಮೀಸಲು," ಎಂದ. ಅಜ್ಜಿ ತಿರುಗಿಯೂ ನೋಡಲಿಲ್ಲ.

"ದೇವ್ರು ನಾಳಿಕೆ ಕುಡೀತಾನೆ ಕಣ್ಲಾ. ಕರ ನಾಳಿಕೆಗಂಟ ಇರಾಕಿಲ್ಲ."

ಅಷ್ಟು ಹೇಳಿ ಕೈಕಾಲು ತೊಳೆದು, ದೇವರ ಗುಡಿಯ ದಿಕ್ಕಿಗೆ ನೆಲ ಮುಟ್ಟಿ ನಮಸ್ಕಾರ ಮಾಡಿ, ಹಸುವಿನ ಹತ್ತಿರ ಕೂತಳು. ಸಣ್ಣ ನಾಟಿ ಹಸು, ಎಷ್ಟೋ ಸೂಲು ಕಂಡ ಮುದಿ. ಅದರ ಕರು ಆಗಲೇ ಹೊಟ್ಟೆ ತುಂಬ ಕುಡಿದು ಬಿಸಿಲಿಗೆ ಮಲಗಿತ್ತು. ಅಜ್ಜಿ ಎರಡು ಮೊಲೆಗಳಿಂದ ಮಾತ್ರ ಕರೆದಳು, ಇನ್ನೆರಡನ್ನು ತನ್ನ ಕರುವಿಗೆ ಬಿಟ್ಟಳು. ತಂಬಿಗೆ ತುಂಬುತ್ತಾ ಬಂತು. "ಮುದಿ ಹಸದ ಗಿಣ್ಣು ಚೊಚ್ಚಲದಕ್ಕಿಂತ ಗಟ್ಟಿ ಕಣಮ್ಮ, ಹೆದರ್ಬ್ಯಾಡ," ಎಂದು ನನಗೆ ಹೇಳಿದಳು. ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ಕಂಬಳಿಯ ಒಳಗೆ ಹೊಟ್ಟೆಗೆ ಅವುಚಿಕೊಂಡು, "ನಾನೇ ಬತ್ತೀನಿ ನಡೀರಿ," ಎಂದು ಮುಂದೆ ನಡೆದಳು. ನನ್ನ ಕೈಯ ಮೇಲೆ ನಂಬಿಕೆ ಇಡುವ ಕಾರಣವೂ ಅವಳಿಗೆ ಇರಲಿಲ್ಲ ಬಿಡಿ.

ಮನೆಗೆ ಬಂದಾಗ ಕರು ಹಾಗೇ ಇತ್ತು, ಉಸಿರು ಮಾತ್ರ ಆಡುತ್ತಿತ್ತು. ಅಜ್ಜಿ ಒಂದು ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ತರಿಸಿ ಅದರೊಳಗೆ ತಂಬಿಗೆ ಇಟ್ಟಳು. "ಬೆಂಕಿ ಮ್ಯಾಲೆ ಅಲ್ಲ, ನೀರಾಗೆ," ಎಂದು ನನ್ನ ಕಡೆ ನೋಡಿ ನಕ್ಕಳು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಹಾಲನ್ನು ಅಗಲ ಬಾಯಿಯ ಬೋಗುಣಿಗೆ ಬಗ್ಗಿಸಿದಳು. ಆಮೇಲೆ ಕರುವನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಿದಳು; ಒಂದು ಪಕ್ಕಕ್ಕೆ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕ್ಕೆ ಹೋಗುತ್ತದಂತೆ. ಬಾಯಿಗೆ ಸುರಿಯಲೂ ಇಲ್ಲ. ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಅಂಗುಳವನ್ನು ಮೆಲ್ಲಗೆ ಉಜ್ಜುತ್ತಾ ಕೂತಳು. ಉಜ್ಜುವುದು, ಅದ್ದುವುದು, ಉಜ್ಜುವುದು. ನಾನಾಗಿದ್ದರೆ ತಾಳ್ಮೆ ಕೆಟ್ಟು ಬಿದಿರಿನ ಗೊಟ್ಟದಲ್ಲಿ ಸುರಿದುಬಿಡುತ್ತಿದ್ದೆ. ಅವಳು ಏನೂ ಆಗದವಳ ಹಾಗೆ ಉಜ್ಜುತ್ತಲೇ ಇದ್ದಳು.

"ಚೀಪ್ತು," ಎಂದಳು ಕೊನೆಗೆ.

ನಾಲಿಗೆ ಬೆರಳನ್ನು ಸುತ್ತಿಕೊಂಡಿತ್ತು. ಅಜ್ಜಿ ಅದು ಚೀಪುತ್ತಿದ್ದ ಬೆರಳನ್ನು ಹಾಗೇ ಬೋಗುಣಿಯಲ್ಲಿದ್ದ ಹಾಲಿಗೆ ಇಳಿಸಿದಳು. ಮೊದಲು ಒಂದು ಗುಟುಕು, ಕೆಮ್ಮು. ನಿಲ್ಲಿಸಿದಳು. ಆಮೇಲೆ ಇನ್ನೊಂದು ಗುಟುಕು. ನಾಲ್ಕನೆಯದಕ್ಕೆ ಬಾಲ ಅಲ್ಲಾಡಿತು. ಅತ್ತೆ, "ಎಲೈ ಕಳ್ಳಿ!" ಎಂದು ಜೋರಾಗಿ ನಕ್ಕರು. ಕಣ್ಣಲ್ಲಿ ನೀರಿತ್ತು. ನನಗಂತೂ ಆ ಅಜ್ಜಿಯ ಕಾಲು ಹಿಡಿದುಕೊಳ್ಳಬೇಕೆನ್ನಿಸಿತು.

ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಒಂದು ಹಿಡಿ ಬೂಸಕ್ಕೆ ಪುಡಿ ಉಪ್ಪು ಬೆರೆಸಿ ಕರುವಿನ ಬೆನ್ನ ಮೇಲೆ ತೆಳ್ಳಗೆ ಉದುರಿಸಿ, ಎತ್ತಿ ತಾಯಿಯ ಮೂತಿಯ ಮುಂದೆ ಇಟ್ಟಳು. ಹಸು ಮೂಸಿತು. ಉಪ್ಪಿನ ಆಸೆಗೆ ಒಂದು ಸಲ ನೆಕ್ಕಿತು, ಎರಡು ಸಲ ನೆಕ್ಕಿತು, ಆಮೇಲೆ ಉಪ್ಪು ಮುಗಿದ ಮೇಲೂ ನೆಕ್ಕುತ್ತಲೇ ಇತ್ತು. ನೆಕ್ಕುತ್ತಾ ನೆಕ್ಕುತ್ತಾ ಅದರ ಗಂಟಲಿನಿಂದ ಒಂದು ಗುರುಗುಟ್ಟುವ ಸದ್ದು ಬಂತು, ಮೊಲೆಯಿಂದ ಹಾಲು ತೊಟ್ಟಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಕರು ನಾಲ್ಕು ಕಾಲನ್ನೂ ಅಗಲಿಸಿ ಎದ್ದು ನಿಂತಿತು, ಬಿತ್ತು, ಮತ್ತೆ ನಿಂತಿತು. ನಾವು ಹಿಡಿದು ಕೆಚ್ಚಲಿಗೆ ಬಾಯಿ ಹಚ್ಚಿದೆವು. ಅದು ಚೀಪುತ್ತಿದ್ದ ಹಾಗೆಯೇ ಹಸು ತಿಣುಕಿತು, ಕಸ ಬಿತ್ತು.

"ಕರ ಎಳುದ್ರೆ ತಾನೆ ಕಸ ಇಳಿಯಾದು," ಎಂದಳು ಅಜ್ಜಿ ಸಹಜವಾಗಿ. ಅವಳಿಗೆ ನಮ್ಮ ಮನೆಯ ಕಾನೂನು ಗೊತ್ತಿರಲಿಲ್ಲ. ಅತ್ತೆ ಆ ಮಾತನ್ನು ಕೇಳಿಸಿಕೊಂಡು ಕಸವನ್ನು ಹೂಳಲು ಗುಂಡಿ ತೋಡುವುದಕ್ಕೆ ಹೋದರು. ಅವರು ಪೂಜೆಗೆ ಕೂತದ್ದು ಹೊತ್ತು ಇಳಿದ ಮೇಲೆ.

ಮಾರನೆ ದಿನ ಕರು ಕರಿಯ ಅಂಟು ಸಗಣಿ ಹಾಕಿತು. ಹುಟ್ಟುವಾಗಲೇ ಹೊಟ್ಟೆಯಲ್ಲಿ ಇರುವ ಮಲ ಅದು, ಗಿಣ್ಣುಹಾಲು ಒಳಗೆ ಬಿದ್ದರೆ ಸಲೀಸಾಗಿ ಹೊರಗೆ ಬರುತ್ತದೆ. ಮೂರು ದಿನವೂ ತಾಯಿಯ ಹಾಲನ್ನು ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಊರವರು ಗಿಣ್ಣು ಕೇಳಿಕೊಂಡು ಪಾತ್ರೆ ಹಿಡಿದು ಬಂದರೆ ಅತ್ತೆ, "ಗಿಣ್ಣು ಕರೀಗೇ ಸಾಲ್ದು, ಹೋಗ್ರಮ್ಮ," ಎಂದು ಅಟ್ಟಿಬಿಟ್ಟರು. ಹೊಕ್ಕುಳನ್ನು ಕುಕ್ಕಲು ಬರುವ ಕಾಗೆಗಳನ್ನು ಕೋಲು ಹಿಡಿದು ಕಾದರು. ಕರು ಉಚ್ಚೆ ಹೊಯ್ದಾಗೆಲ್ಲ ಹುಲ್ಲು ತೆಗೆದು ಒಣಹುಲ್ಲು ಹಾಸಿದರು. ನಾನು ಹೊಕ್ಕುಳಿಗೆ ಔಷಧ ಮುಟ್ಟಿಸುವಾಗ ಪಕ್ಕದಲ್ಲಿ ನಿಂತು, "ವಸಿ ಇನ್ನೂ ಹಚ್ಚು," ಎನ್ನುವಷ್ಟು ಬದಲಾಗಿದ್ದರು.

ಹಟ್ಟಿಯ ಅಜ್ಜಿಯೂ ದಿನಾ ಬೆಳಿಗ್ಗೆ ಬರುತ್ತಿದ್ದಳು. ಬಂದವಳೇ ಕರುವಿನ ಬಾಲ ಎತ್ತಿ ನೋಡುವಳು, ಕಿವಿ ಮುಟ್ಟುವಳು, ಹೊಕ್ಕುಳು ಒತ್ತುವಳು. ಕೂತ್ಕೋ ಎಂದರೆ ಕೂರುವುದಿಲ್ಲ, ಸರಸರನೆ ಹೊರಟುಬಿಡುವಳು. ನನ್ನ ಹಾಳು ಮನಸ್ಸು, ಕೊಟ್ಟ ಹಾಲು ದಕ್ಕಿತೋ ಇಲ್ಲವೋ ಎಂದು ನೋಡಲು ಬರುತ್ತಾಳೆ ಎಂದುಕೊಂಡಿತು. ಅಷ್ಟು ಮಾಡಿದವಳ ಬಗ್ಗೆ ಹಾಗೆ ಅಂದುಕೊಂಡೆನಲ್ಲ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನ ಸಗಣಿ ನೀರಾಯಿತು. ಐದನೆಯ ದಿನ ಬಿಳಿ ಬಿಳಿಯಾಗಿ ಬಾಲಕ್ಕೆ ಅಂಟಿತ್ತು. ಐದನೆಯ ದಿನ! ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಜಮಾನರು ಸೈಕಲ್ಲು ತುಳಿದು ಪುರವರಕ್ಕೆ ಹೋಗಿ ಡಾಕ್ಟರನ್ನು ಕರೆತಂದರು. ಅವರು ಕಣ್ಣು ನೋಡಿದರು, ಕತ್ತಿನ ಚರ್ಮ ಚಿವುಟಿ ಬಿಟ್ಟು ಅದು ಎಷ್ಟು ಬೇಗ ಮರಳುತ್ತದೆ ಎಂದು ನೋಡಿದರು. ಪುಡಿ ಕೊಟ್ಟರು. ತಾಯಿಯ ಹಾಲು ಪೂರ್ತಿ ನಿಲ್ಲಿಸಬೇಡಿ, ಒಂದೊಂದು ಸಲಕ್ಕೆ ಕಡಿಮೆ ಕೊಡಿ, ಮಧ್ಯೆ ಮಧ್ಯೆ ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಬೆಲ್ಲ ಹಾಕಿ ಕುಡಿಸುತ್ತಿರಿ ಎಂದರು. ಹೊರಡುವ ಮುಂಚೆ, "ಮೊದಲ ಹಾಲು ಯಾವಾಗ ಕುಡಿಸಿದಿರಿ?" ಎಂದು ಕೇಳಿದರು. ಹೇಳಿದೆ. "ಹಾಗಾದರೆ ಗೆಲ್ಲುತ್ತೆ," ಎಂದರು.

ಗೆದ್ದಿತು. ಆರನೆಯ ದಿನ ಸಗಣಿ ಕಟ್ಟಿತು. ಏಳನೆಯ ದಿನ ಹಗ್ಗ ಬಿಚ್ಚಿದರೆ ಅಂಗಳದಲ್ಲಿ ನಾಲ್ಕು ಕಾಲೂ ಒಟ್ಟಿಗೇ ಮೇಲೆತ್ತಿ ಕುಣಿಯಿತು, ತುಳಸಿಕಟ್ಟೆಗೆ ಡಿಕ್ಕಿ ಹೊಡೆದು ಎದ್ದು ಮತ್ತೆ ಕುಣಿಯಿತು. ಆವತ್ತು ಅಜ್ಜಿ ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಕರುವಿನ ಕುಣಿತ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ನಕ್ಕವಳೇ ಹೊರಡಲು ತಿರುಗಿದಳು.

"ಇವತ್ತಾದ್ರೂ ಕೂತ್ಕೋ ಅಜ್ಜಿ. ದಿನಾ ಹಂಗ್ಯಾಕೆ ಓಡ್ತೀಯ?" ಎಂದೆ.

"ನಮ್ ಕರ ಐತಲ್ಲ ತಾಯಿ ಮನೇಲಿ."

"ಅದಕ್ಕೇನಾಗಿದೆ?"

ಅಜ್ಜಿ ಸೆರಗಿನ ತುದಿ ಹಿಡಿದು ತಿರುವುತ್ತಾ ನಿಂತಳು. "ಮೀಸಲು ಮುರುದೋರ ಮನೆ ಕರ ಏಳು ದಿನ ದಾಟಾಕಿಲ್ಲ ಅಂತಾರೆ ಕಣವ್ವ ನಮ್ಮೋರು. ಇಲ್ಲಿ ಬಂದು ನಿಮ್ದ ನೋಡ್ತೀನಿ, ಉಳ್ಕಂಡೈತೆ ಅಂತ ಕುಸಿಯಾಗ್ತದೆ. ಅಂಗೇ ಎದೆ ದಸಕ್ ಅಂತದೆ, ಅಲ್ಲಿ ನಮ್ದು ಹೋಗ್ಬುಡ್ತೇನೋ ಅಂತ. ಅದ್ಕೇ ಓಡ್ತೀನಿ. ಇವತ್ತು ಏಳ್ನೇದು. ಹೊತ್ತು ಮುಳುಗ್ಬುಟ್ರೆ ಆತು."

ಅವಳ ಆ ನಂಬಿಕೆ ನನ್ನದಾಗಿರಲಿಲ್ಲ. ಆದರೆ ಅವಳು ಅದನ್ನು ಪೂರ್ತಿಯಾಗಿ ನಂಬಿದ್ದಳು, ನಂಬಿಕೊಂಡೇ ಆ ಬೆಳಿಗ್ಗೆ ಕೈತೊಳೆದು ಹಾಲು ಕರೆದಿದ್ದಳು. ಎದ್ದೈತಾ, ಚೀಪ್ತದಾ ಎಂದು ಕೇಳಿ ನೆಲ ನೋಡುತ್ತಾ ನಿಂತಾಗ ಅವಳು ತೂಗಿ ನೋಡುತ್ತಿದ್ದದ್ದು ನಮ್ಮ ಕರುವಿನ ಜೀವವನ್ನೂ ತನ್ನ ಕರುವಿನ ಜೀವವನ್ನೂ.

ಅತ್ತೆ ಜಗುಲಿಯಿಂದ ಎದ್ದರು. "ನಡಿಯಕ್ಕ, ನಿನ್ ಕರ ನೋಡಾನ," ಎಂದರು.

ಮೂವರೂ ಹೋದೆವು. ಅತ್ತೆ ಚಪ್ಪಲಿ ಬಿಟ್ಟು ಮುಳ್ಳುಬೇಲಿ ದಾಟಿ ಅಜ್ಜಿಯ ಗುಡಿಸಲಿನ ಮುಂದೆ ನೆಲದ ಮೇಲೆ ಕೂತರು, ಯಾರ ಮನೆಯ ಅಂಗಳದಲ್ಲೂ ಹಾಗೆ ಕೂತವರಲ್ಲ. ಕರು ಗೂಟಕ್ಕೆ ಕಟ್ಟಿದ ಹಾಗೇ ಮಲಗಿತ್ತು. ಅಜ್ಜಿ ಅದರ ತಲೆಯ ಹತ್ತಿರ, ಅತ್ತೆ ಬಾಲದ ಹತ್ತಿರ, ನಾನು ನಡುವೆ. ಕುರಿಗಳು ಹಟ್ಟಿಗೆ ಮರಳಿದವು. ಅಜ್ಜಿಯ ಮಗ ಬಂದು ನಮ್ಮನ್ನು ನೋಡಿ ಒಂದು ಚೊಂಬು ನೀರು ತಂದಿಟ್ಟ. ಅತ್ತೆ ಎತ್ತಿ ಕುಡಿದರು. ಗುಡ್ಡದ ಹಿಂದೆ ಹೊತ್ತು ಪೂರ್ತಿ ಮುಳುಗಿತು. ಅಜ್ಜಿಗೆ ಕರುವಿನ ಕಡೆ ನೋಡಲು ಧೈರ್ಯ ಬರಲಿಲ್ಲ, ಮುಖ ಆಚೆ ತಿರುಗಿಸಿಕೊಂಡೇ ಕೂತಿದ್ದಳು.

ಅತ್ತೆ ಕರುವಿನ ಬಾಲ ಎತ್ತಿದರು. ಕೆಳಗೆ ಬೆರಳಾಡಿಸಿ ಮೂಸಿದರು. ಕಿವಿ ಹಿಡಿದು ನೋಡಿದರು, ಬೆಚ್ಚಗಿತ್ತು. ಕರು ಕೋಪಿಸಿಕೊಂಡು ಎದ್ದು ಅವರ ಮೊಣಕಾಲಿಗೆ ಒಂದು ಗುದ್ದು ಕೊಟ್ಟಿತು.

"ಒಣಗೈತೆ ಕಣಕ್ಕ," ಎಂದರು ಅತ್ತೆ. "ನಿನ್ ಕರೀಗೆ ಏನೂ ಆಗಿಲ್ಲ. ಈ ಕಡೆ ತಿರುಗಿ ನೋಡು."

ಅಜ್ಜಿ ತಿರುಗಿದಳು. ಕರುವನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಏಳು ದಿನ ತಡೆದಿಟ್ಟುಕೊಂಡಿದ್ದ ಅಳುವನ್ನೆಲ್ಲ ಅದರ ಕತ್ತಿನ ಮೇಲೆ ಅತ್ತಳು.